ಹಳೇ ಸೋಫಾ ಜಾಗಕ್ಕೆ ಹೊಸ ಸೋಫಾ: ಮೂಲೆ ಎಳೆಯುವ ಮೊದಲು ಕ್ಯಾಮೆರಾ ಎಲ್ಲಿತ್ತು ಅಂತ ನೋಡಿ

ಪ್ರಶ್ನೆ: ನಮ್ಮ ಹಾಲ್‌ನ ಫೋಟೋದಲ್ಲಿ ಹಳೇ ಸೋಫಾ ಇದೆ, ಬಟ್ಟೆ ಎಲ್ಲ ಸವೆದುಹೋಗಿದೆ. ಅದರ ಮೇಲೆ ನಾವು ಕೊಳ್ಳಬೇಕು ಅಂದುಕೊಂಡಿರೋ ಸೋಫಾದ ಚಿತ್ರ ಅಂಟಿಸಿ ನೋಡಿದೆ. ಅಗಲ ಸರಿಯಾಗಿ ಕೂತಿದೆ, ಆದರೆ ಸೋಫಾ ಮುಂದೆ ಎದ್ದು ಹಿಂದಕ್ಕೆ ವಾಲಿದ ಹಾಗೆ ಕಾಣುತ್ತೆ. Distort ಹಾಕಿ ಮೂಲೆ ಎಳೆದರೆ ಇನ್ನೂ ಕೆಟ್ಟದಾಗ್ತಿದೆ. ಏನು ತಪ್ಪು ಮಾಡ್ತಿದ್ದೀನಿ? ಎರಡೂ ಚಿತ್ರ ಕಳಿಸಿದ್ದೀನಿ, ಹಾಲ್‌ನ ಬಾಗಿಲಿನ ಎತ್ತರ 210 ಸೆಂ.ಮೀ.

ಉತ್ತರ:

ಎರಡೂ ಚಿತ್ರ ತೆರೆದು ಅಳೆದು ನೋಡಿದೆ. ನಿಮ್ಮ ಕೈಚಳಕದಲ್ಲಿ ತಪ್ಪಿಲ್ಲ. ಸೋಫಾವನ್ನು ಕತ್ತರಿಸಿರುವುದು ಚೆನ್ನಾಗಿದೆ, ಅಂಚುಗಳು ಕ್ಲೀನಾಗಿವೆ. ತೊಂದರೆ ಇರುವುದು ಬೇರೆ ಕಡೆ: ಎರಡು ಚಿತ್ರ ತೆಗೆದಾಗ ಕ್ಯಾಮೆರಾ ಇದ್ದ ಜಾಗ ಬೇರೆ ಬೇರೆ. ಒಂದರಲ್ಲಿ ಕ್ಯಾಮೆರಾ ಹತ್ತಿರ ನಿಂತು ಮೇಲಿಂದ ನೋಡುತ್ತಿದೆ, ಇನ್ನೊಂದರಲ್ಲಿ ತುಂಬಾ ದೂರದಿಂದ, ಹೆಚ್ಚುಕಡಿಮೆ ನೇರವಾಗಿ ನೋಡುತ್ತಿದೆ. ಪರ್ಸ್‌ಪೆಕ್ಟಿವ್ ಅನ್ನೋದು ಕ್ಯಾಮೆರಾ ನಿಂತ ಜಾಗದಿಂದ ಹುಟ್ಟುವಂಥದ್ದು. ಆಮೇಲೆ ಮೂಲೆ ಎಳೆದು ಅದನ್ನು ತರಿಸೋಕೆ ಆಗಲ್ಲ, ಸ್ವಲ್ಪ ತಿದ್ದಬಹುದು ಅಷ್ಟೇ.

`Distort` ಯಾಕೆ ಕೈಕೊಡುತ್ತೆ ಅಂತ ಮೊದಲು ಹೇಳ್ತೀನಿ. ನಾಲ್ಕು ಮೂಲೆ ಹಿಡಿದು ಎಳೆದಾಗ ಸಾಫ್ಟ್‌ವೇರ್ ಇಡೀ ಸೋಫಾವನ್ನು ಗೋಡೆಗೆ ಅಂಟಿಸಿದ ಒಂದು ಪೋಸ್ಟರ್ ಥರ ನೋಡುತ್ತೆ. ಪೋಸ್ಟರ್, ಬಾಗಿಲು, ಕಿಟಕಿಯ ಗಾಜು, ಇಂಥ ಚಪ್ಪಟೆ ವಸ್ತುಗಳಿಗೆ ಅದು ಸರಿ. ಸೋಫಾ ಚಪ್ಪಟೆ ಅಲ್ವಲ್ಲ. ಮುಂದಿನ ಮುಖ ಒಂದು ಸಮತಲ, ಕೂರುವ ಸೀಟು ಇನ್ನೊಂದು, ಒರಗು ಮತ್ತೊಂದು, ಎರಡು ಕೈಗಳ ಮೇಲ್ಭಾಗ ಬೇರೆ. ಕ್ಯಾಮೆರಾ ಮೇಲಕ್ಕೆ ಹೋದರೆ ಸೀಟು ಜಾಸ್ತಿ ಕಾಣಬೇಕು, ಮುಂದಿನ ಮುಖ ಮಾತ್ರ ಹೆಚ್ಚುಕಡಿಮೆ ಹಾಗೇ ಇರಬೇಕು. ನೀವು ಇಡೀ ಚಿತ್ರವನ್ನು ಎಳೆದರೆ ಎಲ್ಲವೂ ಒಟ್ಟಿಗೆ ಬೆಳೆಯುತ್ತವೆ.

ಈಗ ನಿಮ್ಮ ಹಾಲ್‌ನ ಫೋಟೋದಲ್ಲಿ ಕ್ಯಾಮೆರಾ ಎಲ್ಲಿತ್ತು ಅಂತ ಕಂಡುಹಿಡಿಯೋಣ. ಫೋಟೋ 4000 × 3000 ಪಿಕ್ಸೆಲ್ ಇದೆ. ನೆಲದ ಟೈಲ್ಸ್‌ನಲ್ಲಿ ನಿಮ್ಮಿಂದ ಗೋಡೆಯ ಕಡೆಗೆ ಹೋಗುವ ಎರಡು ಸಂದುಗಳನ್ನು ಆರಿಸಿ, ಒಂದು ಎಡದ್ದು, ಒಂದು ಬಲದ್ದು, ಆದಷ್ಟು ದೂರ ದೂರದವು. ಹೊಸ ಲೇಯರ್‌ನಲ್ಲಿ ಅವುಗಳ ಮೇಲೆ ಗೆರೆ ಎಳೆದು ಮುಂದುವರಿಸಿದರೆ ಎರಡೂ ಒಂದು ಕಡೆ ಸೇರುತ್ತವೆ. ಅದೇ ವ್ಯಾನಿಶಿಂಗ್ ಪಾಯಿಂಟ್. ಆ ಬಿಂದುವಿನ ಮೂಲಕ ಅಡ್ಡಲಾಗಿ ಒಂದು ಗೆರೆ ಹಾಕಿದರೆ ಅದು ಹೊರೈಝನ್, ಅಂದರೆ ಕ್ಯಾಮೆರಾದ ಕಣ್ಣಿನ ಮಟ್ಟ. ನಿಮ್ಮ ಫೋಟೋದಲ್ಲಿ ಅದು ಮೇಲಂಚಿನಿಂದ 1400ನೇ ಪಿಕ್ಸೆಲ್‌ಗೆ ಬಂತು.

ಈ ಗೆರೆಗೆ ಒಂದು ಒಳ್ಳೆಯ ಗುಣ ಇದೆ. ಕೋಣೆಯ ಯಾವ ವಸ್ತುವನ್ನೇ ನೋಡಿ, ಹತ್ತಿರದ್ದಾಗಲಿ ದೂರದ್ದಾಗಲಿ, ಈ ಗೆರೆ ಅದನ್ನು ನೆಲದಿಂದ ಒಂದೇ ಎತ್ತರದಲ್ಲಿ ಹಾಯುತ್ತೆ. ಆ ಎತ್ತರ ಅಂದರೆ ಕ್ಯಾಮೆರಾ ಇದ್ದ ಎತ್ತರ. ನಿಮ್ಮ ಬಾಗಿಲಿನ ಬುಡ 2400ರಲ್ಲಿದೆ, ಮೇಲಿನ ಅಂಚು 1000ದಲ್ಲಿದೆ. ಅಲ್ಲಿಗೆ 1400 ಪಿಕ್ಸೆಲ್‌ಗೆ 210 ಸೆಂ.ಮೀ. ಆಯ್ತು. ಬುಡದಿಂದ ಹೊರೈಝನ್‌ವರೆಗೆ 1000 ಪಿಕ್ಸೆಲ್, ಅಂದರೆ 150 ಸೆಂ.ಮೀ. ನೀವು ನಿಂತುಕೊಂಡು ಮುಖದ ಮುಂದೆ ಫೋನ್ ಹಿಡಿದು ತೆಗೆದಿದ್ದೀರಿ, ಅಲ್ವಾ? ಲೆಕ್ಕ ಅದನ್ನೇ ಹೇಳುತ್ತಿದೆ.

ಈಗ ಸೈಜ್ ಹುಡುಕೋಕೆ ಕಣ್ಣಂದಾಜು ಬೇಕಾಗಿಲ್ಲ. ಹಳೇ ಸೋಫಾದ ಮುಂದಿನ ಕಾಲು ನೆಲಕ್ಕೆ ತಾಗುವ ಜಾಗ 2650ರಲ್ಲಿದೆ. ಹೊಸದೂ ಅಲ್ಲೇ ಕೂರಬೇಕು. ಸೂತ್ರ ಇಷ್ಟೇ:

```
1 cm = (2650 - 1400) / 150 = 8.33 px
```

ಸೋಫಾದ ಅಗಲ 210 ಸೆಂ.ಮೀ. ಅಂತ ಅದರ ವಿವರದಲ್ಲಿ ಬರೆದಿದೆ, ಅಲ್ಲಿಗೆ ಮುಂದಿನ ಅಂಚು 1750 ಪಿಕ್ಸೆಲ್. ಹಿಂದಿನ ಅಂಚು ಗೋಡೆಗೆ ತಾಗಿಕೊಂಡಿರುವುದರಿಂದ ಅಲ್ಲಿ ನೆಲ 2400ರಲ್ಲಿದೆ, ಅದೇ ಸೂತ್ರ ಹಾಕಿದರೆ ಸೆಂಟಿಮೀಟರ್‌ಗೆ 6.67 ಪಿಕ್ಸೆಲ್, ಅಗಲ 1400 ಆಗುತ್ತೆ. ಒರಗಿನ ಎತ್ತರ 84 ಸೆಂ.ಮೀ., ಅದು 560 ಪಿಕ್ಸೆಲ್, ಹಾಗಾಗಿ ಒರಗಿನ ಮೇಲಂಚು 1840ರಲ್ಲಿ ಬರಬೇಕು. ಈ ಅಳತೆಗಳಿಗೆ ಗೈಡ್‌ಗಳನ್ನು ಹಾಕಿ ಬಿಡಿ.

ನೀವು ಅಂಟಿಸಿದ ಚಿತ್ರದಲ್ಲಿ ಮುಂದಿನ ಅಗಲ 1750 ಸರಿಯಾಗಿದೆ, ಆದರೆ ಒರಗಿನ ಮೇಲಂಚು 1930ರಲ್ಲಿದೆ. ಅಂದರೆ ಇರಬೇಕಾದ ಜಾಗಕ್ಕಿಂತ 90 ಪಿಕ್ಸೆಲ್ ಕೆಳಗೆ. ಇಲ್ಲಿ ಎಲ್ಲರೂ ಮಾಡುವುದು ಏನು ಅಂದರೆ, ಸೋಫಾವನ್ನು ಮೇಲಕ್ಕೆ ಎಳೆದು ಆ 90 ಪಿಕ್ಸೆಲ್ ತುಂಬಿಸ್ತಾರೆ. ಒರಗು ಸರಿಯಾದ ಜಾಗಕ್ಕೆ ಬರುತ್ತೆ ನಿಜ, ಆದರೆ 60 ಸೆಂ.ಮೀ. ಎತ್ತರ ಇರಬೇಕಾದ ಕೈಗಳು 67ಕ್ಕೆ ಹೋಗ್ತವೆ, ಕಾಲುಗಳು ಉದ್ದ ಆಗ್ತವೆ, ಸೋಫಾ ಯಾವುದೋ ಬೇರೆ ಮಾಡೆಲ್ ಥರ ಕಾಣುತ್ತೆ. ಕೊಳ್ಳೋಕೆ ಮುಂಚೆ ನೋಡಬೇಕು ಅಂತ ಮಾಡುತ್ತಿರುವ ಕೆಲಸದಲ್ಲಿ ಇದು ಚಿಕ್ಕ ತಪ್ಪಲ್ಲ. ನೀವು ನೋಡುತ್ತಿರುವುದು ಮನೆಗೆ ಬರುವ ಸೋಫಾವನ್ನೇ ಅಲ್ಲ.

ಈಗ ಆ ಸೋಫಾದ ಚಿತ್ರವನ್ನು ಅಳೆಯೋಣ. ಅದು ಬಿಳಿ ಹಿನ್ನೆಲೆಯಲ್ಲಿದೆ, ಟೈಲ್ಸ್ ಇಲ್ಲ, ಆದರೆ ಸೋಫಾದಲ್ಲೇ ಸಮಾನಾಂತರ ಅಂಚುಗಳಿವೆ. ಎಡಗೈನ ಒಳ ಅಂಚು, ಬಲಗೈನ ಒಳ ಅಂಚು, ಇವೆರಡನ್ನೂ ಹಿಂದಕ್ಕೆ ಮುಂದುವರಿಸಿ. ಸೇರುವ ಬಿಂದು ಸೋಫಾಕ್ಕಿಂತ ಮೇಲೆ, ಬಿಳಿ ಜಾಗದಲ್ಲಿ ಬರುತ್ತೆ. ಬೇಕಾದರೆ ಕ್ಯಾನ್ವಾಸ್ ದೊಡ್ಡದು ಮಾಡಿಕೊಳ್ಳಿ. ಮುಂದಿನ ಕಾಲಿನ ಬುಡದಿಂದ ಆ ಬಿಂದುವಿನ ಎತ್ತರದವರೆಗೆ 1100 ಪಿಕ್ಸೆಲ್ ಬಂತು. ಅದೇ ಚಿತ್ರದಲ್ಲಿ 60 ಸೆಂ.ಮೀ. ಕೈ 600 ಪಿಕ್ಸೆಲ್ ಇದೆ. ಹಾಗಾದರೆ ಕ್ಯಾಮೆರಾ ಇದ್ದದ್ದು 110 ಸೆಂ.ಮೀ. ಎತ್ತರದಲ್ಲಿ.

ದೂರವನ್ನೂ ಲೆಕ್ಕ ಹಾಕಬಹುದು. ಚಿತ್ರದಲ್ಲಿ ಸೋಫಾದ ಮುಂದಿನ ಅಗಲ 2100, ಹಿಂದಿನ ಅಗಲ 1910. ಸೋಫಾದ ಆಳ 90 ಸೆಂ.ಮೀ.

```
ದೂರ = ಆಳ × ಹಿಂದಿನ ಅಗಲ / (ಮುಂದಿನ ಅಗಲ - ಹಿಂದಿನ ಅಗಲ)
ಸೋಫಾದ ಚಿತ್ರ:  90 × 1910 / 190 = 905 cm
ಹಾಲ್‌ನ ಫೋಟೋ:  90 × 1400 / 350 = 360 cm
```

ಯಾವ ಲೆನ್ಸ್ ಅಂತ ಗೊತ್ತಿರಬೇಕಾಗಿಲ್ಲ, ಚಿತ್ರವನ್ನು ಕ್ರಾಪ್ ಮಾಡಿದ್ದರೂ ಈ ಲೆಕ್ಕ ಕೆಡಲ್ಲ. ಹಿಂದಿನ ಅಗಲ ತೆಗೆದುಕೊಳ್ಳುವಾಗ ಮಾತ್ರ ಹುಷಾರು, ಮೆತ್ತೆಯ ಉಬ್ಬು ಅಳೆಯಬೇಡಿ, ಕೈಗಳು ಹಿಂದೆ ಮುಗಿಯುವ ಹೊರ ಅಂಚನ್ನೇ ಅಳೆಯಿರಿ.

ಅಂದರೆ ಒಂದು ಕ್ಯಾಮೆರಾ 9 ಮೀಟರ್ ದೂರದಲ್ಲಿ 110 ಸೆಂ.ಮೀ. ಎತ್ತರದಲ್ಲಿತ್ತು, ಇನ್ನೊಂದು 3.6 ಮೀಟರ್ ದೂರದಲ್ಲಿ 150 ಸೆಂ.ಮೀ. ಎತ್ತರದಲ್ಲಿತ್ತು. ಇದರ ಪರಿಣಾಮ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಸೀಟಿನಲ್ಲಿ. ಸೀಟಿನ ಎತ್ತರ 42, ಆಳ 55 ಸೆಂ.ಮೀ. ಅಂತ ಇಟ್ಟು ಲೆಕ್ಕ ಮಾಡಿದರೆ ನಿಮ್ಮ ಹಾಲ್‌ನ ಫೋಟೋದಲ್ಲಿ ಸೀಟು ಸುಮಾರು 120 ಪಿಕ್ಸೆಲ್ ದಪ್ಪದ ಪಟ್ಟಿಯಾಗಿ ಕಾಣಬೇಕು. ಅಂಟಿಸಿದ ಚಿತ್ರದಲ್ಲಿ ಇರುವುದು ಬರೀ 33. ಮೇಲಿಂದ ನೋಡುತ್ತಿರುವ ಕೋಣೆಯಲ್ಲಿ ಒಂದು ಸೋಫಾದ ಸೀಟು ಮಾತ್ರ ಕಾಣುತ್ತಿಲ್ಲ, ಮುಂದಿನ ಮುಖ ಮಾತ್ರ ನಮ್ಮ ಕಡೆ ನೇರವಾಗಿ ನೋಡುತ್ತಿದೆ ಅಂದರೆ ನಮ್ಮ ಕಣ್ಣು ಅದಕ್ಕೆ ಒಂದೇ ಅರ್ಥ ಕೊಡುತ್ತೆ: ಯಾರೋ ಸೋಫಾದ ಮುಂದಿನ ಕಾಲುಗಳನ್ನು ಎತ್ತಿ ಹಿಂದಕ್ಕೆ ವಾಲಿಸಿದ್ದಾರೆ. ನಿಮಗೆ ಕಂಡಿದ್ದು ಅದೇ. ನಿಮ್ಮ ಕಣ್ಣು ಸರಿಯಾಗೇ ಹೇಳಿದೆ.

ಹಾಗಾದರೆ ಏನು ಮಾಡಬೇಕು? ಹಾಲ್ ನಿಮ್ಮದೇ. ನಾನು ಇಂಥ ಕೆಲಸಕ್ಕೆ ಮೊದಲು ಹೇಳೋದು ಒಂದೇ: ಸೋಫಾದ ಚಿತ್ರವನ್ನು ಬಗ್ಗಿಸೋದು ಬಿಡಿ, ಹಾಲ್‌ನ ಫೋಟೋವನ್ನು ಇನ್ನೊಮ್ಮೆ ತೆಗೆಯಿರಿ. ಎರಡು ನಿಮಿಷದ ಕೆಲಸ, ಎರಡು ಗಂಟೆ ಉಳಿಯುತ್ತೆ.

9 ಮೀಟರ್ ಹಿಂದೆ ಹೋಗೋಕೆ ಯಾರ ಹಾಲ್‌ನಲ್ಲೂ ಸುಲಭಕ್ಕೆ ಜಾಗ ಸಿಗಲ್ಲ. ಪರವಾಗಿಲ್ಲ, ಅಷ್ಟು ಬೇಕಾಗಿಯೂ ಇಲ್ಲ. ಸೀಟನ್ನು ನೋಡುವ ಕೋನ ಹೊಂದಿದರೆ ಮುಕ್ಕಾಲು ಕೆಲಸ ಆಯ್ತು. ಆ ಕೋನ ಅಂದರೆ ಸೀಟಿಗಿಂತ ಕ್ಯಾಮೆರಾ ಎಷ್ಟು ಮೇಲಿದೆ ಅನ್ನೋದನ್ನು ದೂರದಿಂದ ಭಾಗಿಸಿದ್ದು. ಸೋಫಾದ ಚಿತ್ರದಲ್ಲಿ 110ರಲ್ಲಿ 42 ಕಳೆದರೆ 68, ಅದಕ್ಕೆ ದೂರ 900. ನಿಮ್ಮ ಹಾಲ್‌ನಲ್ಲಿ ಎದುರಿನ ಬಾಗಿಲಿನವರೆಗೆ ಹಿಂದೆ ಸರಿದರೆ ಸೋಫಾದ ಮುಂದಿನ ಅಂಚಿಗೆ 5.5 ಮೀಟರ್ ಸಿಗುತ್ತೆ ಅಂತ ಇಟ್ಟುಕೊಳ್ಳಿ. 68ನ್ನು 900ರಿಂದ ಭಾಗಿಸಿ 550ರಿಂದ ಗುಣಿಸಿದರೆ ಸುಮಾರು 42. ಅದನ್ನು ಸೀಟಿನ ಎತ್ತರ 42ಕ್ಕೆ ಸೇರಿಸಿದರೆ 84. ಅಂದರೆ ಫೋನನ್ನು ನೆಲದಿಂದ 84 ಸೆಂ.ಮೀ. ಎತ್ತರಕ್ಕೆ ಇಳಿಸಿ, ಹೆಚ್ಚುಕಡಿಮೆ ಸೊಂಟದ ಮಟ್ಟ. ಹತ್ತಿರ ಬಂದಷ್ಟೂ ಕೆಳಗಿಳಿಯಬೇಕು, ಇಷ್ಟೇ ಗುಟ್ಟು.

ಹೀಗೆ ತೆಗೆದ ಫೋಟೋದಲ್ಲಿ ಸೀಟಿನ ಪಟ್ಟಿ ಹೆಚ್ಚುಕಡಿಮೆ ಪೂರ್ತಿ ಹೊಂದುತ್ತೆ. ಒರಗಿನ ತುದಿಯಲ್ಲಿ ಎರಡೂವರೆ ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಉಳಿಯುತ್ತೆ, ಹಿಂದಿನ ಅಗಲವೂ ಸ್ವಲ್ಪ ಜಾಸ್ತಿ ಇರುತ್ತೆ. ಅಷ್ಟನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಿದರೆ ಯಾರಿಗೂ ಗೊತ್ತಾಗಲ್ಲ.

ಫೋಟೋ ತೆಗೆಯುವಾಗ ಫೋನನ್ನು ನೆಟ್ಟಗೆ ಹಿಡಿಯಿರಿ, ಕೆಳಕ್ಕೆ ಬಗ್ಗಿಸಬೇಡಿ. ಬಗ್ಗಿಸಿದರೆ ಗೋಡೆಯ ಮೂಲೆಗಳು, ಬಾಗಿಲಿನ ಚೌಕಟ್ಟು ಎಲ್ಲ ಕೆಳಗೆ ಹತ್ತಿರ ಬಂದ ಹಾಗೆ ಓರೆಯಾಗುತ್ತವೆ, ಅದರ ಮಧ್ಯೆ ಸೋಫಾದ ಕಾಲುಗಳು ಮಾತ್ರ ನೆಟ್ಟಗೆ ನಿಂತರೆ ಎದ್ದು ಕಾಣುತ್ತೆ. 0.5x ಲೆನ್ಸ್ ಬೇಡವೇ ಬೇಡ, ಅದು ಅಂಚಿನ ಕಡೆ ವಸ್ತುಗಳನ್ನು ಎಳೆದು ಅಗಲ ಮಾಡುತ್ತೆ. 1x ಸಾಕು, ಹಿಂದೆ ಸರಿಯೋಕೆ ಜಾಗ ಇದ್ದರೆ 2x ಇನ್ನೂ ಒಳ್ಳೆಯದು. ಸೋಫಾ ಫೋಟೋದ ನಡುವಿನ ಹತ್ತಿರವೇ ಬರಲಿ. ಸೋಫಾದ ಚಿತ್ರವನ್ನು ನಟ್ಟನಡುವೆ ನಿಂತು ತೆಗೆದಿದ್ದಾರೆ, ನಿಮ್ಮದು ಒಂದು ಪಕ್ಕಕ್ಕೆ ಹೋದರೆ ಅದರ ಒಂದು ಬದಿ ಕಾಣಬೇಕಾಗುತ್ತೆ, ಆ ಬದಿ ನಿಮ್ಮ ಹತ್ತಿರ ಇಲ್ಲ.

ಇನ್ನೊಂದು ಮಾತು. ಆಗುವುದಾದರೆ ಫೋನನ್ನು ಒಂದು ಸ್ಟೂಲ್ ಮೇಲೆ ಅಲುಗಾಡದ ಹಾಗೆ ನಿಲ್ಲಿಸಿ ಎರಡು ಫೋಟೋ ತೆಗೆಯಿರಿ, ಹಳೇ ಸೋಫಾ ಇರುವಾಗ ಒಂದು, ಅದನ್ನು ಪಕ್ಕಕ್ಕೆ ತಳ್ಳಿ ಖಾಲಿ ಜಾಗದ್ದು ಒಂದು. ಖಾಲಿ ಫೋಟೋ ಇದ್ದರೆ ಹಿಂದಿನ ಗೋಡೆ, ಸ್ಕರ್ಟಿಂಗ್, ಟೈಲ್ಸ್ ಎಲ್ಲ ನಿಜವಾದದ್ದೇ ಸಿಗುತ್ತೆ, ಹಳೇ ಸೋಫಾವನ್ನು ಅಳಿಸಿ ನೆಲ ತುಂಬಿಸುವ ತಲೆನೋವೇ ಇಲ್ಲ. ಹಳೇ ಸೋಫಾ ಇರುವ ಫೋಟೋ ನಿಮ್ಮ ಅಳತೆಗೋಲು. ಕಾಲು ಎಲ್ಲಿ ತಾಗುತ್ತೆ, ನೆರಳು ಯಾವ ಕಡೆ ಬೀಳುತ್ತೆ, ಎಷ್ಟು ಗಾಢವಾಗಿದೆ, ಎಲ್ಲ ಅದರಲ್ಲಿದೆ. ಸವೆದುಹೋದ ಸೋಫಾ ಅಂತ ಆ ಫೋಟೋ ಡಿಲೀಟ್ ಮಾಡಬೇಡಿ.

ಮತ್ತೆ ಫೋಟೋ ತೆಗೆಯೋಕೆ ಆಗದೇ ಇದ್ದರೆ? ಅದೇ ಸೋಫಾದ ಬೇರೆ ಚಿತ್ರಗಳು ಇವೆಯಾ ನೋಡಿ. ಸ್ವಲ್ಪ ಮೇಲಿಂದ ತೆಗೆದದ್ದು ಒಂದಾದರೂ ಇರಬಹುದು. ಸೋಫಾ ಮಾರುವವರ ವೆಬ್ ಪುಟದಲ್ಲಿ ಅದನ್ನು ತಿರುಗಿಸಿ ನೋಡುವ 3ಡಿ ಮಾಡೆಲ್ ಇದ್ದು, ಅದರ ಫೈಲ್ (`.glb`) ಇಳಿಸಿಕೊಳ್ಳೋಕೆ ಬಿಟ್ಟಿದ್ದರೆ ಅದೇ ಎಲ್ಲಕ್ಕಿಂತ ಸರಿಯಾದ ದಾರಿ. `fSpy` ಅಂತ ಉಚಿತ ಪ್ರೋಗ್ರಾಂ ಒಂದಿದೆ, ಅದರಲ್ಲಿ ನಿಮ್ಮ ಹಾಲ್‌ನ ಫೋಟೋ ಹಾಕಿ ಟೈಲ್ಸ್ ಗೆರೆಗಳನ್ನು ತೋರಿಸಿದರೆ ಕ್ಯಾಮೆರಾದ ಜಾಗವನ್ನು ಅದೇ ಲೆಕ್ಕ ಹಾಕಿ `Blender`ಗೆ ಕೊಡುತ್ತೆ, ಅಲ್ಲಿ ಸೋಫಾದ ಮಾಡೆಲನ್ನು ನೆಲದ ಮೇಲಿಟ್ಟರೆ ಪರ್ಸ್‌ಪೆಕ್ಟಿವ್ ತಾನಾಗಿಯೇ ಕೂರುತ್ತೆ.

ಇದ್ಯಾವುದೂ ಇಲ್ಲ, ಇರುವ ಎರಡು ಚಿತ್ರದಲ್ಲೇ ಮಾಡಬೇಕು ಅಂದರೆ ಸೋಫಾವನ್ನು ಸಮತಲಗಳಾಗಿ ಒಡೆದು ತಿದ್ದಬೇಕು. ಫೋಟೋಶಾಪ್‌ನಲ್ಲಿ ಮೊದಲು ಲೇಯರನ್ನು `Smart Object` ಮಾಡಿಕೊಳ್ಳಿ, ಆಮೇಲೆ `Edit > Perspective Warp`. `Layout` ಮೋಡ್‌ನಲ್ಲಿ ಮುಂದಿನ ಮುಖಕ್ಕೆ ಒಂದು ಚೌಕ, ಸೀಟಿಗೆ ಒಂದು, ಒರಗಿಗೆ ಒಂದು ಎಳೆಯಿರಿ. ಎರಡು ಚೌಕಗಳ ಅಂಚು ಹತ್ತಿರ ತಂದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಂಟಿಕೊಳ್ಳಲೇಬೇಕು, ಇಲ್ಲದಿದ್ದರೆ ಮಧ್ಯೆ ಬಟ್ಟೆ ಹರಿದ ಹಾಗೆ ಆಗುತ್ತೆ. ಆಮೇಲೆ `Warp` ಮೋಡ್‌ಗೆ ಹೋಗಿ ಮುಂದಿನ ಮುಖವನ್ನು ಮುಟ್ಟದೆ, ಸೀಟಿನ ಹಿಂದಿನ ಎರಡು ಮೂಲೆಗಳನ್ನು ಮೇಲಕ್ಕೂ ಒಳಕ್ಕೂ ಸರಿಸಿ, ಒರಗಿನ ಮೂಲೆಗಳನ್ನು ಗೈಡ್ ಇರುವ ಕಡೆಗೆ ತನ್ನಿ. ಜಿಂಪ್‌ನಲ್ಲಾದರೆ ಭಾಗಗಳನ್ನು ಬೇರೆ ಬೇರೆ ಲೇಯರ್‌ಗೆ ಕತ್ತರಿಸಿಕೊಂಡು ಒಂದೊಂದಕ್ಕೂ `Perspective` ಟೂಲ್ ಹಾಕಬೇಕು. ನಿಧಾನ, ಆದರೆ ಫಲ ಒಂದೇ. ಎರಡೂ ಕೈಗಳ ಮೇಲ್ಭಾಗವನ್ನು ಮರೆಯಬೇಡಿ, ಅವೂ ಸೀಟಿನ ಹಾಗೇ ಅಗಲವಾಗಬೇಕು.

ಆದರೆ ಇದಕ್ಕೆ ಮಿತಿ ಇದೆ. ನಿಮ್ಮ ವಿಷಯದಲ್ಲಿ 33 ಪಿಕ್ಸೆಲ್ ಸೀಟನ್ನು 120ಕ್ಕೆ ಎಳೆಯಬೇಕು, ಮೂರೂವರೆ ಪಟ್ಟು. ಬಟ್ಟೆಯ ನೇಯ್ಗೆ ಮೇಲ್ಮುಖವಾಗಿ ಉದ್ದುದ್ದ ಆಗುತ್ತೆ, ಹೊಲಿಗೆ ದಪ್ಪ ಆಗುತ್ತೆ, ಮೆತ್ತೆಯ ನೆರಳು ಮಸಿ ಸವರಿದ ಹಾಗೆ ಹರಡುತ್ತೆ. ನನ್ನ ಅನುಭವದಲ್ಲಿ ಒಂದೂವರೆ ಪಟ್ಟಿನವರೆಗೆ ನಡೆಯುತ್ತೆ, ಸಾದಾ ಬಣ್ಣದ ಬಟ್ಟೆ ಆದರೆ ಎರಡರವರೆಗೂ ಎಳೆಯಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಸೀಟನ್ನು ಹೊಸದಾಗಿ ಬಣ್ಣ ಹಚ್ಚಿ ಕಟ್ಟಬೇಕು, ಗೆರೆ ಅಥವಾ ಚೌಕಳಿ ಬಟ್ಟೆ ಆದರಂತೂ ಕೈಬಿಡೋದೇ ಒಳ್ಳೆಯದು. ಮೆತ್ತೆಯ ಹಿಂದೆ ಮುಚ್ಚಿಹೋದ ಜಾಗ ಮೂಲ ಚಿತ್ರದಲ್ಲೇ ಇಲ್ಲ, ಎಷ್ಟು ಎಳೆದರೂ ಅದು ಹುಟ್ಟಲ್ಲ. ಹಾಗಾಗಿ ನಿಮಗೆ ಈ ದಾರಿ ನಾನು ಹೇಳಲ್ಲ, ಫೋಟೋ ಮತ್ತೆ ತೆಗೆಯಿರಿ.

ಪರ್ಸ್‌ಪೆಕ್ಟಿವ್ ಸರಿಯಾದ ಮೇಲೂ ಸೋಫಾ ತೇಲಿದ ಹಾಗೆ ಕಂಡರೆ ಅದು ನೆರಳಿನ ವಿಷಯ. ಸೋಫಾದ ಜೊತೆ ಬಂದ ಬೂದು ನೆರಳನ್ನು ಪೂರ್ತಿ ಕತ್ತರಿಸಿ ಬಿಸಾಕಿ, ಅದು ಬಿಳಿ ಸ್ಟುಡಿಯೋದ ನೆರಳು. ಬದಲಿಗೆ ಸೋಫಾದ ಕೆಳಗೆ `Multiply` ಲೇಯರ್‌ಗಳನ್ನು ಮಾಡಿ ಎರಡು ನೆರಳು ಹಾಕಿ. ಒಂದು ಕಾಲುಗಳ ಬುಡದಲ್ಲಿ, ಕೆಲವೇ ಪಿಕ್ಸೆಲ್ ಅಗಲದ್ದು, ತುಂಬಾ ಗಾಢ. ಇನ್ನೊಂದು ಸೋಫಾದ ಅಡಿಯಲ್ಲೆಲ್ಲ ಹರಡಿದ್ದು, ಮೆತ್ತಗಿನದು, ಕಿಟಕಿಯ ಎದುರು ದಿಕ್ಕಿಗೆ ಸ್ವಲ್ಪ ಹೊರಗೆ ಚಾಚಿದ್ದು. ಬಣ್ಣಕ್ಕೆ ಕಪ್ಪು ಆರಿಸಬೇಡಿ, ಹಳೇ ಸೋಫಾದ ನೆರಳಿನಿಂದಲೇ ಎತ್ತಿಕೊಳ್ಳಿ. ಮೊದಲನೆಯ ನೆರಳು ಇಲ್ಲದೆ ಎರಡನೆಯದನ್ನು ಮಾತ್ರ ಹಾಕಿದವರ ಸೋಫಾ ಯಾವಾಗಲೂ ನೆಲದಿಂದ ಎರಡು ಬೆರಳು ಮೇಲೆ ನಿಂತಿರುತ್ತೆ.

ಕೊನೆಗೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ, ಅಭ್ಯಾಸವಾದ ಕಣ್ಣಿಗೆ ಕಾಣದ ಓರೆ ಆಗ ಕಾಣುತ್ತೆ. ಹೊಸ ಸೋಫಾದ ಕೈಗಳ ಅಂಚಿನ ಮೇಲೆ ಗೆರೆ ಎಳೆಯಿರಿ. ಟೈಲ್ಸ್ ಗೆರೆಗಳು ಸೇರಿದ ಬಿಂದುವಿನ ಹತ್ತಿರವೇ ಅವೂ ಸೇರಿದರೆ ಸರಿ. ತುಂಬಾ ಮೇಲೆ ಸೇರಿದರೆ ಹಿಂದಿನ ಅಂಚು ಇನ್ನೂ ಅಗಲ ಇದೆ, `Perspective Warp`ನಲ್ಲಿ ಹಿಂದಿನ ಮೂಲೆಗಳನ್ನು ಇನ್ನಷ್ಟು ಒಳಕ್ಕೆ ತನ್ನಿ. ಆಮೇಲೆ ಸೋಫಾದ ಲೇಯರ್‌ಗೆ ಅರ್ಧದಿಂದ ಒಂದು ಪಿಕ್ಸೆಲ್ `Gaussian Blur`, ಚೂರು `Add Noise` ಹಾಕಿ. ಸ್ಟುಡಿಯೋ ಚಿತ್ರ ಫೋನ್ ಫೋಟೋಗಿಂತ ಚೂಪಾಗಿರುತ್ತೆ. 100% ಝೂಮ್‌ನಲ್ಲಿ ಸೋಫಾದ ಬಟ್ಟೆಯೂ ಪಕ್ಕದ ಪರದೆಯ ಬಟ್ಟೆಯೂ ಒಂದೇ ಹದದಲ್ಲಿ ಮಸುಕಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ.